ಕೇಳುಗರ ಪರವಾಗಿ ನಾಲ್ಕು ಮಾತು: ಉದ್ಘೋಷಕಿಯ ಬೀಳ್ಕೊಡುಗೆಗೆ ಓದುವ ಭಾಷಣ

ಕೇಂದ್ರ ಸರ್ಕಾರದ ನೌಕರಿ 60 ತುಂಬಿದ ತಿಂಗಳ ಕೊನೆಯ ದಿನಕ್ಕೆ ಮುಗಿಯುತ್ತದೆ. ಹಾಗಾಗಿ ಆಕಾಶವಾಣಿ ನಿಲಯಗಳ ಬೀಳ್ಕೊಡುಗೆಯೂ ಹೆಚ್ಚಾಗಿ ಆ ದಿನ ಮಧ್ಯಾಹ್ನದ ಮೇಲೆ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ನಿಲಯದ ಮುಖ್ಯಸ್ಥರು ಸೇವಾ ವಿವರ ಹೇಳುತ್ತಾರೆ, ಜೊತೆಯವರು ಡ್ಯೂಟಿ ರೂಮಿನ ಹಳೆಯ ಕಥೆ ತೆಗೆಯುತ್ತಾರೆ, ಕೊನೆಗೆ ನಿವೃತ್ತರ ಮಾತು. ಇದರ ನಡುವೆ ಒಮ್ಮೊಮ್ಮೆ ‘ಕೇಳುಗರ ಪರವಾಗಿ ಒಬ್ಬರು’ ಎಂದು ಒಂದು ಹೆಸರು ಸೇರಿಕೊಂಡಿರುತ್ತದೆ. ಆ ಒಬ್ಬರಿಗಾಗಿ ಈ ಬರಹ.

ಅವರು ಜೋಯಿಡಾ ತಾಲ್ಲೂಕಿನ ಅಣಶಿಯವರು, ಹೊರಟಿರುವುದು ಧಾರವಾಡ ನಿಲಯಕ್ಕೆ, ನಿವೃತ್ತರಾಗುತ್ತಿರುವವರು ಒಬ್ಬ ಉದ್ಘೋಷಕಿ ಎಂದಿಟ್ಟುಕೊಳ್ಳೋಣ. ಅಣಶಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಕ್ಷೆ ನೋಡಿದರೆ ಅಣಶಿಗೆ ಕಾರವಾರ ಹತ್ತಿರ, ಧಾರವಾಡ ದೂರ. ಆದರೆ ಕಾರವಾರ ನಿಲಯದ್ದು ಎಫ್‌ಎಂ, ಆ ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುವಂಥವು. ಗುಡ್ಡ ಅಡ್ಡ ಬಂದಲ್ಲಿ ಕಡಿದುಹೋಗುತ್ತವೆ. ಮಧ್ಯಮ ತರಂಗ ಹಾಗಲ್ಲ, ನೆಲ ಹಿಡಿದು, ದಿಣ್ಣೆ ಬಳಸಿಕೊಂಡು ಬರುತ್ತದೆ. ಧಾರವಾಡದ 765 ಕಿಲೋಹರ್ಟ್ಸ್‌ನ ಪ್ರಸಾರಕ್ಕೆ 200 ಕಿಲೋವ್ಯಾಟ್ ಬಲವಿತ್ತು. ಘಟ್ಟದ ಸೆರಗಿನ ಊರುಗಳಿಗೆ ದಶಕಗಳ ಕಾಲ ಕನ್ನಡದ ರೇಡಿಯೋ ಎಂದರೆ ಅದೇ. ಧಾರವಾಡದಲ್ಲಿ ಕೂತು ಮಾತಾಡಿದ ಉದ್ಘೋಷಕಿಗೆ ತನ್ನ ದನಿ ಹುಬ್ಬಳ್ಳಿಯಲ್ಲಿ ಹೇಗೆ ಕೇಳಿಸುತ್ತದೆಂದು ಗೊತ್ತಿರುತ್ತದೆ. ಅಣಶಿಯ ಅಡುಗೆಮನೆಯಲ್ಲಿ, ಮಳೆಯ ಸದ್ದಿನ ಅಡಿಯಲ್ಲಿ ಹೇಗೆ ಕೇಳಿಸಿತ್ತು ಎಂದು ಹೇಳಬಲ್ಲವರು ಆ ಸಭೆಯಲ್ಲಿ ನೀವೊಬ್ಬರೇ. ನಿಮ್ಮ ಭಾಷಣದ ಸರಕು ಅದು. ಉಳಿದದ್ದನ್ನು ಉಳಿದವರು ಹೇಳುತ್ತಾರೆ.

ಏನು ಬೇಡ ಎಂಬುದನ್ನು ಮೊದಲು ಮುಗಿಸಿಬಿಡೋಣ. ಧಾರವಾಡ ನಿಲಯ 1950ರ ಜನವರಿ 8ರಂದು ಶುರುವಾಯಿತು, ಬೇಂದ್ರೆ ಅಲ್ಲಿಗೆ ಸಲಹೆಗಾರರಾಗಿದ್ದರು ಎಂಬುದೆಲ್ಲ ವೇದಿಕೆಯಲ್ಲಿ ಕೂತವರಿಗೆ ಬಾಯಿಪಾಠ. ಮೈಸೂರಿನ ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಕಥೆಯನ್ನು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ನೀವು ಎರಡನೆಯವರಾಗಬೇಡಿ. ‘ಜೇನಿನಂಥ ಕಂಠ’ವೂ ಬೇಡ. ಇನ್ನೊಂದು ಎಚ್ಚರಿಕೆ, ಇದು ನಿಜಕ್ಕೂ ಮುಜುಗರ ತರುವಂಥದ್ದು: ಉದ್ಘೋಷಕಿ ಬೇರೆ, ವಾರ್ತೆ ಓದುವವರು ಬೇರೆ. ಪ್ರಸಾರ ಆರಂಭಿಸುವುದು, ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ದಾಟಿಸುವುದು, ಹಾಡಿನ ವಿವರ ಹೇಳುವುದು, ಸಮಯ ಹೇಳುವುದು, ಏನಾದರೂ ಕೈಕೊಟ್ಟರೆ ಕ್ಷಮೆ ಕೇಳುವುದು, ಇವೆಲ್ಲ ಉದ್ಘೋಷಕರ ಕೆಲಸ. ‘ನಿಮ್ಮ ವಾರ್ತೆ ಕೇಳಿಯೇ ಬೆಳೆದೆವು’ ಎಂದು ಶುರುಮಾಡಿದರೆ ಅವರು ನಗುತ್ತಾರೆ, ಆದರೆ ನೀವು ನಿಜವಾಗಿ ಅವರನ್ನು ಕೇಳಿಲ್ಲ ಎಂಬುದು ಸಭೆಗೆ ಗೊತ್ತಾಗಿಹೋಗುತ್ತದೆ.

ಎಷ್ಟು ಬರೆಯಬೇಕು

ನಾಲ್ಕು ನಿಮಿಷ ಸಾಕು. ಎಷ್ಟು ಪದ ಎಂದರೆ ಇಂಗ್ಲಿಷಿನ ಲೆಕ್ಕ ನಮಗೆ ಹೊಂದುವುದಿಲ್ಲ. ವಿಭಕ್ತಿ, ಕ್ರಿಯೆಯ ಬಾಲ ಎಲ್ಲ ಅಂಟಿಕೊಂಡು ನಮ್ಮ ಪದಗಳು ಉದ್ದ. ನಿಮ್ಮ ಓಟವನ್ನು ನೀವೇ ಅಳೆಯಿರಿ: ಯಾವುದಾದರೂ ಪುಟವನ್ನು ಒಂದು ನಿಮಿಷ ಗಟ್ಟಿಯಾಗಿ, ಎದುರಿಗೆ ಕೂತವರಿಗೆ ಹೇಳುವಂತೆ ಓದಿ, ಪದ ಎಣಿಸಿ. ಸಮಾಧಾನವಾಗಿ ಓದುವವರಿಗೆ ಎಂಬತ್ತರಿಂದ ನೂರರ ನಡುವೆ ಬರುತ್ತದೆ. ನಾಲ್ಕು ನಿಮಿಷದಲ್ಲಿ ಒಂದು ನಿಮಿಷ ನಿಲುಗಡೆಗೇ ಹೋಗುತ್ತದೆ ಎಂದು ಹಿಡಿದರೆ ನಿಮಗೆ ಉಳಿಯುವುದು ಮುನ್ನೂರು ಪದದೊಳಗಿನ ಜಾಗ. ಅಷ್ಟರಲ್ಲಿ ಮೂರು ಸಂಗತಿ, ಕೊನೆಗೊಂದು ಮಾತು ಹಿಡಿಸುತ್ತವೆ. ಇನ್ನೊಂದನ್ನು ತುರುಕಿದರೆ ನಿಲುಗಡೆ ತಿನ್ನಬೇಕಾಗುತ್ತದೆ. ನಿಲುಗಡೆ ಇಲ್ಲದ ಭಾಷಣ ಸೇವಾ ಪುಸ್ತಕ ಓದಿದಂತೆಯೇ.

ನಿಲುಗಡೆಯ ಗುರುತು

ರೇಡಿಯೋದವರು ತಮ್ಮ ಹಾಳೆಯ ಮೇಲೆ ಅಡ್ಡಗೆರೆ ಹಾಕಿಕೊಳ್ಳುವುದು ಹಳೆಯ ರೂಢಿ. ನಮಗೆ ಮೂರೇ ಗುರುತು ಸಾಕು. ಒಂದು ಗೆರೆ ( / ) ಎಂದರೆ ಮನಸ್ಸಿನಲ್ಲಿ ‘ಒಂದು’ ಎಂದು ಎಣಿಸುವಷ್ಟು ತಡೆ, ಉಸಿರು ಎಳೆಯಬೇಕಿಲ್ಲ. ಎರಡು ಗೆರೆ ( // ) ಎಂದರೆ ಉಸಿರು ತೆಗೆದುಕೊಳ್ಳಿ. ಮೂರು ಗೆರೆ ( /// ) ಎಂದರೆ ಹಾಳೆಯಿಂದ ತಲೆ ಎತ್ತಿ, ಅವರ ಮುಖ ನೋಡಿ, ಮೂರು ಎಣಿಸಿ. ಈ ಮೂರನೆಯದು ಕಷ್ಟದ್ದು. ಮೂರು ಎಣಿಸುವುದೆಂದರೆ ನಿಂತವರಿಗೆ ಒಂದು ಯುಗ, ಕೂತವರಿಗೆ ಏನೂ ಅಲ್ಲ. ಮನೆಯಲ್ಲಿ ಓದುವಾಗ ಯಾರನ್ನಾದರೂ ಎದುರು ಕೂರಿಸಿಕೊಂಡು ಕೇಳಿ: ‘ತಡವಾಯಿತು ಅನ್ನಿಸಿತೇ?’ ಇಲ್ಲ ಎನ್ನುತ್ತಾರೆ.

ಇಲ್ಲಿ ಒಂದು ಸ್ವಾರಸ್ಯವೂ ಇದೆ. ಸ್ಟುಡಿಯೋದಲ್ಲಿ ಮೌನ ಅಂದರೆ ತಪ್ಪು. ಕೆಲವು ಸೆಕೆಂಡು ದನಿ ನಿಂತರೂ ಕೇಳುಗ ತನ್ನ ಸೆಟ್ಟೇ ಕೆಟ್ಟಿತೆಂದು ಗುಂಡಿ ತಿರುಗಿಸುತ್ತಾನೆ, ಡ್ಯೂಟಿ ರೂಮಿನಲ್ಲಿ ಫೋನ್ ಹೊಡೆದುಕೊಳ್ಳುತ್ತದೆ, ಅದಕ್ಕೆ ಲಿಖಿತ ವಿವರಣೆ ಕೊಡಬೇಕಾಗಲೂಬಹುದು. ಮೂರು ದಶಕ ಮೌನಕ್ಕೆ ಹೆದರಿ ಬದುಕಿದ ಮನುಷ್ಯರ ಮುಂದೆ ನೀವು ಬೇಕೆಂದೇ ನಿಲ್ಲುತ್ತಿದ್ದೀರಿ. ಎಲ್ಲಿ ನಿಂತಿರಿ, ಎಷ್ಟು ನಿಂತಿರಿ ಎಂಬುದನ್ನು ಆ ಸಭೆಯಲ್ಲಿ ಅವರಷ್ಟು ಸೂಕ್ಷ್ಮವಾಗಿ ಗಮನಿಸುವವರು ಇನ್ನೊಬ್ಬರಿಲ್ಲ. ಆದ್ದರಿಂದ ಗೆರೆ ಎಲ್ಲೆಂದರಲ್ಲಿ ಬೀಳಬಾರದು.

ಕನ್ನಡದಲ್ಲಿ ಗೆರೆ ತಪ್ಪುವ ಜಾಗಗಳು ಕೆಲವೇ. ‘ಕೇಳಿದ ದನಿ’, ‘ತಿರುಗಿಸುವ ಗುಂಡಿ’ ಇಂಥ ಜೋಡಿಯ ನಡುವೆ ನಿಲ್ಲಬಾರದು. ‘ಕೇಳಿದ’ ಎಂದು ನಿಂತರೆ ಅದು ಯಾರೋ ಕೇಳಿದರು ಎಂಬ ಪೂರ್ತಿ ವಾಕ್ಯವಾಗಿ ಕಿವಿಗೆ ಬೀಳುತ್ತದೆ. ಬದಲಿಗೆ ‘ತೆಗೆದು’, ‘ಬಂದು’, ‘ಬಂದಾಗ’, ‘ಹೋದರೆ’ ಎಂಬಲ್ಲಿ ಧಾರಾಳವಾಗಿ ನಿಲ್ಲಬಹುದು, ಮುಂದೇನು ಎಂದು ಕಿವಿ ಕಾಯುತ್ತದೆ. ಯಾರದೋ ಮಾತನ್ನು ಹೇಳುವಾಗ ಆ ಮಾತಿನ ಮುಂಚೆ ನಿಲ್ಲಿ; ಮಾತಿಗೂ ‘ಅಂದರು’ ಎಂಬುದಕ್ಕೂ ನಡುವೆ ಬೇಡ. ಸಂಧಿಯಾದ ಪದವನ್ನು ಒಡೆದು ನಿಲ್ಲಲಾಗದು: ‘ನೀವಿಲ್ಲದ’ ಎಂದು ಬರೆದಿದ್ದರೆ ‘ನೀವು’ ಎಂಬಲ್ಲಿ ತಡೆಯಲು ಜಾಗವೇ ಇಲ್ಲ. ಅಲ್ಲಿ ನಿಲ್ಲಬೇಕೆಂದಿದ್ದರೆ ಬರೆಯುವಾಗಲೇ ಬಿಡಿಸಿ.

ಇನ್ನು ವಾಕ್ಯದ ಕೊನೆ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ಉಸಿರೂ ಅಲ್ಲಿಗೇ ಮುಗಿಯುತ್ತದೆ. ಹೊಸಬರು ಓದುವಾಗ ಮೊದಲು ಸಾಯುವುದು ಈ ಕೊನೆಯ ಪದ. ‘ತಿರುಗಿಸುತ್ತಿದ್ದರು’ ಹೋಗಿ ‘ತಿರುಗಿಸುತ್ತಿದ್...’ ಆಗುತ್ತದೆ, ಅಪ್ಪನೋ ಮಗನೋ ತಿಳಿಯುವುದಿಲ್ಲ. ಪರೀಕ್ಷೆ ಸುಲಭ. ಫೋನಿನಲ್ಲಿ ಧ್ವನಿಮುದ್ರಿಸಿ, ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಕೇಳಿ. ಕ್ರಿಯಾಪದ ಕೇಳಿಸದ ವಾಕ್ಯ ಉದ್ದವಾಗಿದೆ ಎಂದರ್ಥ. ಅದನ್ನು ಎರಡು ಮಾಡಿ.

ಒಂದು ವಾಕ್ಯವನ್ನು ತಿದ್ದಿ ನೋಡೋಣ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: ‘ವಿದ್ಯುತ್ ಸಂಪರ್ಕವೂ ಸಮರ್ಪಕವಾಗಿಲ್ಲದ ನಮ್ಮ ದುರ್ಗಮ ಅರಣ್ಯ ಪ್ರದೇಶದಲ್ಲಿ ತಮ್ಮ ಸುಮಧುರ ಧ್ವನಿಯು ನಮ್ಮೆಲ್ಲರ ಜೀವನದ ಅವಿಭಾಜ್ಯ ಅಂಗವಾಗಿತ್ತು.’ ಇದರಲ್ಲಿ ನಿಲ್ಲಲು ಜಾಗವಿಲ್ಲ, ಏಕೆಂದರೆ ನೋಡಲು ಏನೂ ಇಲ್ಲ. ‘ವಿದ್ಯುತ್ ಸಮರ್ಪಕವಾಗಿಲ್ಲ’ ಎಂಬುದು ಮನೆಯೊಳಗೆ ಹೇಗಿತ್ತು? ಸೆಲ್ಲಿನ ಮೇಲೆ ರೇಡಿಯೋ ಓಡುತ್ತಿತ್ತು. ಸೆಲ್ಲು ಮುಗಿಯುತ್ತ ಬಂದರೆ ಏನಾಗುತ್ತಿತ್ತು? ದನಿ ಸಣ್ಣಗಾಗುತ್ತಿತ್ತು. ಆಗ ಯಾರು ಏನು ಮಾಡುತ್ತಿದ್ದರು? ಈ ಮೂರು ಪ್ರಶ್ನೆಗೆ ಉತ್ತರ ಬರೆದರೆ ವಾಕ್ಯ ತಾನಾಗಿ ತುಂಡಾಗುತ್ತದೆ, ಗೆರೆಗಳು ತಾವೇ ಬೀಳುತ್ತವೆ: ‘ಸೆಲ್ಲು ಮುಗಿಯುತ್ತ ಬಂದಾಗ / ನಿಮ್ಮ ದನಿ ಸಣ್ಣಗಾಗುತ್ತಿತ್ತು. // ಅಮ್ಮ ಸೆಲ್ಲು ತೆಗೆದು / ಒಲೆಯ ದಂಡೆಯ ಮೇಲೆ ಇಡುತ್ತಿದ್ದರು.’

ಇದೇ ರೀತಿ ಸೆಟ್ಟನ್ನು ತಿರುಗಿಸುವುದು. ಟ್ರಾನ್ಸಿಸ್ಟರಿನ ಒಳಗೆ ಮಧ್ಯಮ ತರಂಗಕ್ಕೆಂದು ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ಅದರ ತುದಿ ನಿಲಯದ ಕಡೆಗಿದ್ದರೆ ದನಿ ಕುಸಿಯುತ್ತದೆ, ಕಡ್ಡಿ ಅಡ್ಡಲಾಗಿ ಬಂದಾಗ ಗಟ್ಟಿಯಾಗುತ್ತದೆ. ಅಣಶಿಗೆ ಧಾರವಾಡ ಈಶಾನ್ಯದಲ್ಲಿದೆ. ಹಿರಿಯರಿಗೆ ಕಡ್ಡಿಯ ವಿಷಯ ಗೊತ್ತಿರಬೇಕೆಂದಿಲ್ಲ, ಯಾವ ಮೂಲೆಗೆ ತಿರುಗಿಸಿದರೆ ಮಾತು ಬರುತ್ತದೆಂದು ಕೈಗೆ ಗೊತ್ತಿತ್ತು. ಭಾಷಣದಲ್ಲಿ ಕಡ್ಡಿ ಬೇಡ, ಕೈ ಸಾಕು.

ಕೆಳಗಿನದು ಮಾದರಿಗೆಂದು ಬರೆದ ಭಾಷಣ. ಕಂಬ, ಸೆಲ್ಲು, ಏಳು ಗಂಟೆಗಳ ಜಾಗದಲ್ಲಿ ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಇಡಿ. ಧಾರವಾಡದ ಕಡೆ ಹೆಣ್ಣುಮಕ್ಕಳನ್ನು ಗೌರವದಿಂದ ಕರೆಯುವ ‘ಅಕ್ಕಾವ್ರೇ’ಯನ್ನೇ ಬಳಸಿದ್ದೇನೆ, ‘ಸನ್ಮಾನ್ಯರೇ’ ಎಂದರೆ ಅವರು ನಿಮ್ಮ ಮನೆಗೆ ಬಂದವರಲ್ಲ, ವೇದಿಕೆಗೆ ಬಂದವರಾಗುತ್ತಾರೆ.

ಭಾಷಣ

ಎಲ್ಲರಿಗೂ ನಮಸ್ಕಾರ. //

ನಾನು ಅಣಶಿಯಿಂದ ಬಂದಿದ್ದೇನೆ. / ಘಟ್ಟದ ಮೇಲಿನ ಊರು, / ಸುತ್ತ ಕಾಡು. // ಅಕ್ಕಾವ್ರೇ, / ನೀವು ನನ್ನನ್ನು ನೋಡಿಲ್ಲ. / ನಾನು ನಿಮ್ಮನ್ನು ನೋಡಿದ್ದೂ ಇವತ್ತೇ. // ಆದರೆ ನಿಮ್ಮ ದನಿ ನಮ್ಮ ಮನೆಗೆ ಬರಲು ಶುರುವಾಗಿ / ಇಪ್ಪತ್ತೆಂಟು ವರ್ಷವಾಯಿತು. ///

ನಮ್ಮ ರೇಡಿಯೋ / ಅಡುಗೆಮನೆಯ ಕಂಬದ ಮೊಳೆಗೆ ತೂಗುತ್ತಿತ್ತು. // ಸುಮ್ಮನೆ ತೂಗಿದರೆ ಮಾತಾಡುತ್ತಿರಲಿಲ್ಲ. // ಅಪ್ಪ ಅದನ್ನು ಸ್ವಲ್ಪ ತಿರುಗಿಸುತ್ತಿದ್ದರು. / ಕರಕರ. // ಇನ್ನೂ ಸ್ವಲ್ಪ. / ಕರಕರ. // ಮತ್ತೆ ಒಂದೇ ಒಂದು ಚೂರು. /// ಆಗ ನೀವು ಬರುತ್ತಿದ್ದಿರಿ. // ಆಮೇಲೆ ಆ ರೇಡಿಯೋ ಮುಟ್ಟಲು / ಯಾರಿಗೂ ಅನುಮತಿ ಇರಲಿಲ್ಲ. // ಧೂಳು ಒರೆಸುವುದಕ್ಕೂ ಇಲ್ಲ. ///

ಮಳೆಗಾಲದಲ್ಲಿ ನಮ್ಮೂರಿಗೆ ಕರೆಂಟು ಬರುವುದು / ಬಂದರೆ ಬಂತು. // ಸೆಲ್ಲೇ ಗತಿ. // ಸೆಲ್ಲು ಮುಗಿಯುತ್ತ ಬಂದಾಗ / ನಿಮ್ಮ ದನಿ ಸಣ್ಣಗಾಗುತ್ತಿತ್ತು. // ಅಮ್ಮ ಸೆಲ್ಲು ತೆಗೆದು / ಒಲೆಯ ದಂಡೆಯ ಮೇಲೆ ಇಡುತ್ತಿದ್ದರು. / ಬೆಚ್ಚಗಾದ ಸೆಲ್ಲು / ಇನ್ನೊಂದು ಸಂಜೆಗೆ ಆಗುತ್ತಿತ್ತು. // ಆ ಒಂದು ಸಂಜೆಗೆ ಮನೆಯಲ್ಲಿ ಜಗಳ. / ಅಪ್ಪ / ವಾರ್ತೆ ಅನ್ನುತ್ತಿದ್ದರು. / ನಾವು / ಹಾಡು ಅನ್ನುತ್ತಿದ್ದೆವು. // ಅಮ್ಮ ಮಾತ್ರ, / ‘ಯಾವುದಾದರೂ ಹಚ್ಚಿ, ಮೊದಲು ಅಕ್ಕಾವ್ರು ಮಾತಾಡಲಿ’ ಅನ್ನುತ್ತಿದ್ದರು. ///

ನಮ್ಮ ಮನೆಮಾತು ಕೊಂಕಣಿ. / ಕನ್ನಡದ ಎಣಿಕೆ ನಾನು ಕಲಿತದ್ದು / ಶಾಲೆಯಲ್ಲಲ್ಲ. // ನೀವು ಬೆಳಿಗ್ಗೆ ಸಮಯ ಹೇಳುತ್ತಿದ್ದಿರಿ. / ಏಳು ಗಂಟೆ ಐದು ನಿಮಿಷ. / ಏಳು ಗಂಟೆ ಮೂವತ್ತೈದು ನಿಮಿಷ. // ನಾನು ಅಲ್ಲಿ ಕಲಿತೆ. // ಮೊದಲ ದಿನ ಮಾಸ್ತರರು / ‘ಒಂದು, ಎರಡು ಹೇಳು’ ಅಂದರು. / ನಾನು / ‘ಏಳು ಗಂಟೆ’ಯಿಂದ ಶುರು ಮಾಡಿದೆ. ///

ಕೊನೆಯದಾಗಿ ಒಂದು ಮಾತು. // ಒಂದು ಸಂಜೆ / ಹಾಡಿನ ನಡುವೆ ದನಿ ನಿಂತಿತು. /// ಸೆಲ್ಲು ಹೋಯಿತು ಅಂದುಕೊಂಡೆವು. / ಅಪ್ಪ ಎದ್ದರು. // ಅಷ್ಟರಲ್ಲಿ ನೀವು, / ‘ಅಡಚಣೆಗಾಗಿ ಕ್ಷಮಿಸಿ’ ಅಂದಿರಿ. // ನಮ್ಮ ಮನೆಯಲ್ಲಿ ಎಲ್ಲರೂ, / ‘ಪರವಾಗಿಲ್ಲ’ ಅಂದರು. /// ಅದು ನಿಮಗೆ ಕೇಳಿಸಿರಲಿಕ್ಕಿಲ್ಲ. // ಅದನ್ನು ತಲುಪಿಸಲು / ಇವತ್ತು ಬಂದೆ. // ಪರವಾಗಿಲ್ಲ, / ಅಕ್ಕಾವ್ರೇ. ///

ನಾಳೆ ಬೆಳಿಗ್ಗೆ ಬೇರೆ ದನಿ ಬರುತ್ತದೆ. / ಅದನ್ನೂ ಕೇಳುತ್ತೇವೆ. // ಇನ್ನು ಮೇಲೆ ನೀವೂ ಕೇಳುಗರು. / ನಮ್ಮ ಸಾಲಿಗೆ / ಸ್ವಾಗತ. // ನಮಸ್ಕಾರ.

ಓದುವಾಗ

ಇದು ನಾಲ್ಕು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮೂರು ಗೆರೆ ಎಲ್ಲೆಲ್ಲಿ ಬಿದ್ದಿದೆ ನೋಡಿ. ‘ಒಂದೇ ಒಂದು ಚೂರು’ ಆದ ಮೇಲೆ ನಿಲ್ಲುವುದು ರೇಡಿಯೋ ತಿರುಗಿಸುವವರ ಕಾಯುವಿಕೆ. ‘ಧೂಳು ಒರೆಸುವುದಕ್ಕೂ’ ಮತ್ತು ‘ಏಳು ಗಂಟೆ’ಯ ನಂತರ ನಗುವಿಗೆ, ನಗು ಬರದಿದ್ದರೂ ಮೂರು ಎಣಿಸಿಯೇ ಮುಂದೆ ಹೋಗಿ, ನಗು ತಡವಾಗಿ ಬರುವುದುಂಟು. ‘ದನಿ ನಿಂತಿತು’ ಎಂಬಲ್ಲಿ ಮಾತ್ರ ಐದು ಎಣಿಸಿ. ಅಲ್ಲಿ ನಿಮ್ಮ ಮೌನವೇ ಆ ದಿನದ ಮೌನ. ಸಭೆಯಲ್ಲಿರುವ ರೇಡಿಯೋದವರೆಲ್ಲ ಕುರ್ಚಿಯಲ್ಲಿ ಕೊಂಚ ಕದಲುತ್ತಾರೆ, ಕದಲಲಿ.

ಕಣ್ಣು ತುಂಬುವ ಅಪಾಯ ಇರುವುದು ‘ಪರವಾಗಿಲ್ಲ’ದಲ್ಲಿ. ಗಂಟಲು ಕಟ್ಟಿತೆಂದರೆ ಹೆಚ್ಚಿನವರು ವೇಗ ಹೆಚ್ಚಿಸುತ್ತಾರೆ, ಅದರಿಂದ ದನಿ ಇನ್ನೂ ಒಡೆಯುತ್ತದೆ. ಆ ಸಾಲಿನ ಮುಂಚಿನ ಎರಡು ಗೆರೆಯಲ್ಲಿ ಉಸಿರನ್ನು ಪೂರ್ತಿ ಬಿಟ್ಟು, ಆಮೇಲೆ ಎಳೆದುಕೊಳ್ಳಿ. ತುಂಬಿದ ಎದೆಗೆ ಮತ್ತೆ ಉಸಿರು ತುಂಬಲು ಹೋದರೆ ಮಾತು ಹೊರಡುವುದಿಲ್ಲ.

ಅವರ ದನಿಯನ್ನು ಅನುಕರಿಸಬೇಡಿ. ‘ಅಡಚಣೆಗಾಗಿ ಕ್ಷಮಿಸಿ’ ಎಂಬುದನ್ನು ರೇಡಿಯೋ ಧಾಟಿಯಲ್ಲಿ ಹೇಳುವ ಆಸೆ ಎಲ್ಲರಿಗೂ ಆಗುತ್ತದೆ. ನಿಮ್ಮ ಸಹಜ ದನಿಯಲ್ಲಿ, ಮೆಲ್ಲಗೆ ಹೇಳಿ. ಅವರ ದನಿ ಸಭೆಯವರ ಕಿವಿಯಲ್ಲಿ ಈಗಾಗಲೇ ಇದೆ.

ಹಾಳೆಯ ವಿಚಾರದಲ್ಲಿ ರೇಡಿಯೋದವರ ಶಿಸ್ತನ್ನೇ ಪಾಲಿಸಿ. ಒಂದೇ ಮಗ್ಗುಲಿಗೆ, ದಪ್ಪ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಬರೆಯಿರಿ. ಪುಟದ ಕೊನೆಯಲ್ಲಿ ವಾಕ್ಯ ಮುಗಿದಿರಬೇಕು, ಅದೂ ಮೂರು ಗೆರೆಯಲ್ಲಿ ಮುಗಿದರೆ ಹಾಳೆ ಸರಿಸಲು ಹೊತ್ತು ಸಿಗುತ್ತದೆ. ಪಿನ್ನು ಹೊಡೆಯಬೇಡಿ, ಓದಿದ ಹಾಳೆಯನ್ನು ಮಗುಚದೆ ಪಕ್ಕಕ್ಕೆ ಜಾರಿಸಿ, ಮಗುಚಿದರೆ ಮೈಕಿನಲ್ಲಿ ಸರಬರ ಕೇಳಿಸುತ್ತದೆ. ವರ್ಷ, ಸಂಖ್ಯೆ ಏನಿದ್ದರೂ ಅಕ್ಷರದಲ್ಲೇ ಬರೆದುಕೊಳ್ಳಿ. ಹಾಳೆಯಲ್ಲಿ ‘1996’ ಎಂದಿದ್ದರೆ ಕಣ್ಣು ಎಡವಿ, ಬಾಯಿ ಇಂಗ್ಲಿಷಿಗೆ ಹೊರಳುತ್ತದೆ. ಮೈಕು ಬಾಯಿಂದ ಒಂದು ಗೇಣು ದೂರವಿರಲಿ. ಮೂರು ಗೆರೆಯಲ್ಲಿ ತಲೆ ಎತ್ತಿದವರು ಮತ್ತೆ ಹಾಳೆಗೆ ಕಣ್ಣು ತಂದ ಮೇಲೆಯೇ ಮಾತು ಶುರುಮಾಡಬೇಕು, ಇಲ್ಲವಾದರೆ ಮೊದಲ ಪದ ಮೈಕಿಗೆ ಸಿಗುವುದಿಲ್ಲ. ಸಾಲು ಹುಡುಕಲು ಎಡಗೈ ಹೆಬ್ಬೆರಳನ್ನು ಹಾಳೆಯ ಅಂಚಿನ ಮೇಲಿಟ್ಟುಕೊಂಡಿರಿ.

ಕೊನೆಗೆ, ಬೀಳ್ಕೊಡುತ್ತಿರುವುದು ಹಂಗಾಮಿ ಉದ್ಘೋಷಕರನ್ನಾದರೆ ಎರಡು ಸಂಗತಿ ಗಮನಿಸಬೇಕು. ಇಂದು ಅನೇಕ ನಿಲಯಗಳು ನಡೆಯುವುದೇ ಅವರಿಂದ. ಪಾಳಿಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಅವರಿಗೆ ಖಾಯಂ ನೌಕರರಂತೆ ನಿವೃತ್ತಿಯ ದಿನವೂ ಇಲ್ಲ, ಪಿಂಚಣಿಯೂ ಇಲ್ಲ. ಇಪ್ಪತ್ತು ವರ್ಷ ಮೈಕಿನ ಮುಂದೆ ಕೂತವರೂ ಒಂದು ದಿನ ಪಾಳಿಯ ಪಟ್ಟಿಯಲ್ಲಿ ಹೆಸರಿಲ್ಲದೆ ಮನೆಗೆ ಹೋಗುತ್ತಾರೆ. ಅಂಥವರಿಗೆ ಊರವರೇ ಸೇರಿ ಮಾಡುವ ಸಭೆಯಲ್ಲಿ ‘ನಿವೃತ್ತಿ ಜೀವನ ಸುಖಮಯವಾಗಿರಲಿ’ ಎಂದರೆ ಗಾಯದ ಮೇಲೆ ಕೈಯಿಟ್ಟಂತಾಗುತ್ತದೆ. ಆ ಮಾತು ಮಾದರಿಯಲ್ಲಿ ಇಲ್ಲ, ನೀವೂ ಸೇರಿಸಬೇಡಿ. ಇನ್ನೊಂದು, ‘ನಾಳೆ ಬೆಳಿಗ್ಗೆ ಬೇರೆ ದನಿ’ಯಿಂದ ‘ಸ್ವಾಗತ’ದವರೆಗಿನ ಭಾಗವನ್ನು ತೆಗೆದು, ‘ಪರವಾಗಿಲ್ಲ, ಅಕ್ಕಾವ್ರೇ’ಯ ಮೂರು ಗೆರೆಯಿಂದ ನೇರ ‘ನಮಸ್ಕಾರ’ಕ್ಕೆ ಬನ್ನಿ.